ಉಂಡೆ ಯಾರಿಗೆ?

(ಅಕ್ಷರ ದೊಡ್ಡದಾಗಿ ಮೂಡಲಿ. ಪ್ರತಿ ಸಾಲಿಗೂ ಎರಡು ಚಪ್ಪಾಳೆ. ಮಗು ಹೇಳಲು ಬಿಡುವು ಕೊಡಿ.)

ಅ ಅ ಅಳಿಲು, ಅಂಗಳದಲ್ಲಿ ಕೂತಿತು
ಆ ಆ ಆನೆ, ಆಲದ ಕೆಳಗೆ ನಿಂತಿತು
ಇ ಇ ಇರುವೆ, ಇಣುಕಿ ಇಣುಕಿ ನೋಡಿತು
ಈ ಈ ಈಚಲ ಚಾಪೆ, ಎಳೆದು ತಂದು ಹಾಸಿತು
ಉ ಉ ಉಂಡೆ, ಎಳ್ಳಿನುಂಡೆ ಒಂದೇ ಒಂದು!
ಊ ಊ ಊಟಕೆ, ಮೂವರು ಬಂದರು ಇಂದು

(ಮೆಲ್ಲನೆ ದನಿ)
ಅಳಿಲು ಉಂಡೆ ಬಚ್ಚಿಟ್ಟಿತು. "ನಂದು! ನನಗೇ!"
ಇರುವೆ ಅತ್ತಿತು. ಊಂ... ಊಂ...

(ಅಮ್ಮ, ಅಪ್ಪ ಇಲ್ಲಿ ಕೇಳಿ: "ಇರುವೆ ಯಾಕೆ ಅಳ್ತಿದೆ ಪುಟ್ಟಾ?" ದಿನಕ್ಕೊಂದು ಉತ್ತರ ಬಂದರೆ ಬರಲಿ, ತಿದ್ದಬೇಡಿ.)

ಅಳಿಲು ಇರುವೆಯ ಕಣ್ಣೊರೆಸಿತು. ಟಕ್! ಉಂಡೆ ಮುರಿಯಿತು.
ಆನೆಗೊಂದು ಚೂರು, ಇರುವೆಗೊಂದು ಚೂರು,
ಅಳಿಲಿಗೊಂದು ಚೂರು. ಎಣಿಸು ಕಂದಾ, ಎಷ್ಟು? ಮೂರು!

(ಎಲ್ಲರೂ) ಇನ್ನೊಂದ್ ಸಲ! ಅ ಅ ಅಳಿಲು...