ಬಸಣ್ಣನಿಗೆ, ಕೌಂಟರಿನವರೆಲ್ಲರಿಂದ

ಬಸಣ್ಣ,

ಮೊದಲು ನಿಮಗೆ ಅಂತ ಬರೆದಿಟ್ಟಿದ್ದ ಪತ್ರದಲ್ಲಿ ನಾಲ್ಕೇ ಸಾಲು ಇತ್ತು. "ದಕ್ಷತೆ ಮತ್ತು ಪ್ರಾಮಾಣಿಕತೆಯಿಂದ ಸೇವೆ ಸಲ್ಲಿಸಿ ಇಂದು ವಯೋನಿವೃತ್ತಿ ಹೊಂದುತ್ತಿದ್ದು, ವಿಶ್ರಾಂತ ಜೀವನ ಸುಖಕರವಾಗಿರಲೆಂದು ಹಾರೈಸುತ್ತೇವೆ" ಅಂತ. ಸುಳ್ಳೇನಿಲ್ಲ. ಆದರೆ ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಓದಬಹುದು, ಅಲ್ವಾ? ಅದಕ್ಕೇ ನಿನ್ನೆ ಸಂಜೆ ಬ್ಯಾಗ್ ಕಟ್ಟಿ ಕಳಿಸಿದ ಮೇಲೆ ಎಲ್ಲರೂ ಕೂತು ಮತ್ತೆ ಬರೆದೆವು.

1989ರಲ್ಲಿ ಅಂಚೆ ಇಲಾಖೆಗೆ ಇ.ಡಿ., ಅಂದರೆ ಇಲಾಖೇತರ ನೌಕರರಾಗಿ ಸೇರಿದಿರಿ, ಪರೀಕ್ಷೆ ಬರೆದು ಪೋಸ್ಟ್‌ಮನ್ ಆದಿರಿ. ಇವತ್ತಿಗೆ ಮೂವತ್ತಾರು ವರ್ಷ. ಈ ಲೆಕ್ಕ ಸರ್ವಿಸ್ ಬುಕ್ಕಿನಲ್ಲೇ ಇದೆ. ಅದರಲ್ಲಿ ಇಲ್ಲದ್ದನ್ನು ಹೇಳಬೇಕು.

ಹುಣಸೆಮರದ ಶಾರದಮ್ಮನ ಪತ್ರ ನೆನಪಿದೆಯಾ? ವಿಳಾಸದಲ್ಲಿ ಬೀದಿ ಇಲ್ಲ, ಮನೆ ನಂಬರ್ ಇಲ್ಲ, "ಹುಣಸೆಮರದ ಹತ್ತಿರ" ಅಂತ ಅಷ್ಟೇ. ರಸ್ತೆ ಅಗಲ ಮಾಡುವಾಗ ಆ ಮರ ಕಡಿದು ಎಷ್ಟೋ ವರ್ಷ ಆಗಿತ್ತು. ಆಗ ತಾನೇ ಸೇರಿದ್ದ ಹುಡುಗ ವಿಳಾಸ ಸಾಲದು ಅಂತ ವಾಪಸ್ ಕಳಿಸೋಕೆ ಹೊರಟಿದ್ದ. ನೀವು ಅವನ ಕೈಯಿಂದ ತಗೊಂಡು ಹೇಳಿದಿರಿ: "ಮರ ಹೋಗಿರಬಹುದು ಕಣಪ್ಪ, ಶಾರದಮ್ಮ ಎಲ್ಲಿ ಹೋಗ್ತಾರೆ?" ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಯಾವ ಫೈಲ್ ಕಾಣದಿದ್ದರೂ ಮೊದಲು ಬರೋದು ಇದೇ ಮಾತು.

ನಾಯಿ ವಿಷಯ ಬಿಡೋಕೆ ಆಗಲ್ಲ. ಬೇರೆಯವರನ್ನು ಕಂಡರೆ ಬೀದಿ ತುದಿವರೆಗೂ ಓಡಿಸುತ್ತಿದ್ದ ಆ ಕೆಂದ ನಾಯಿ, ನಿಮ್ಮ ಬನ್ನಿನ ಚೂರು ತಿಂದು ತಿಂದು ಒಂದು ದಿನ ಸೈಕಲ್ ಹಿಂದೆಯೇ ಆಫೀಸಿಗೆ ಬಂತು. ಸಾರ್ಟಿಂಗ್ ಟೇಬಲ್ ಕೆಳಗೆ ಕಾಲು ಚಾಚಿ ಮಲಗಿಬಿಡ್ತು. ಆಗಿನ ಪೋಸ್ಟ್‌ಮಾಸ್ಟರ್ ಬಗ್ಗಿ ನೋಡಿ, "ಇದು ಯಾವ ಬೀಟಿಂದು?" ಅಂತ ಕೇಳಿದರು. ನೀವು ಅಷ್ಟೇ ಗಂಭೀರವಾಗಿ "ನಂದೇ ಸಾರ್, ಸಹಿ ಹಾಕಿಸ್ಕೊಳ್ಳೋಕೆ ಆಗಿಲ್ಲ" ಅಂದಿರಿ. ಅವತ್ತು ನಕ್ಕಷ್ಟು ನಾವು ಯಾವತ್ತೂ ನಕ್ಕಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಮಾತ್ರ ನಗು ಇರಲಿಲ್ಲ. ಬ್ಯಾಂಕಿಗೆ ಹೋಗೋಕೆ ಆಗದ ಅಜ್ಜಿಯರ ಪಿಂಚಣಿ ದುಡ್ಡನ್ನು ಆಧಾರ್ ಬೆರಳಚ್ಚು ತಗೊಂಡು ಮನೆ ಬಾಗಿಲಲ್ಲೇ ಕೊಡಬೇಕಿತ್ತು. ನಮ್ಮ ಸೀಮೆಯಲ್ಲಿ ಜೀವಮಾನವೆಲ್ಲ ತೆಂಗಿನಕಾಯಿ ಸುಲಿದ ಕೈಗಳು, ಗೆರೆ ಸವೆದು ಹೋಗಿವೆ, ಮಿಷನ್ ಒಪ್ಪುತ್ತಲೇ ಇರಲಿಲ್ಲ. ಒಂದು ದಿನ ನಿಮ್ಮ ಜೊತೆ, ಎಲ್ಲರ ಪರವಾಗಿ ಇದನ್ನು ಬರೆಯುತ್ತಿರುವ ನಾನೂ ಬಂದಿದ್ದೆ. ಅಜ್ಜಿಯನ್ನು ಜಗುಲಿ ಮೇಲೆ ಕೂರಿಸಿ, ಕೈ ತೊಳೆಸಿ, ಪಂಚೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿ, ಹೆಬ್ಬೆರಳು, ತೋರುಬೆರಳು, ಮತ್ತೆ ಎಡಗೈ ಅಂತ ಬಿಸಿಲಲ್ಲಿ ಮುಕ್ಕಾಲು ಗಂಟೆ ಕೂತಿರಿ. ಕೊನೆಗೆ ಎಡಗೈ ಉಂಗುರದ ಬೆರಳು ಹಿಡೀತು. ಆ ಬೆರಳು ಯಾವುದು ಅಂತ ನಿಮ್ಮ ಡೈರಿಯಲ್ಲಿ ಅಜ್ಜಿ ಹೆಸರಿನ ಮುಂದೆ ಬರೆದುಕೊಂಡಿರಿ, ಮುಂದಿನ ತಿಂಗಳು ಆ ಜೀವಕ್ಕೆ ತೊಂದರೆ ಆಗಬಾರದು ಅಂತ. ಸೇವೆ ಅನ್ನೋ ಪದ ಆ ಹಳೇ ಪತ್ರದಲ್ಲೂ ಇತ್ತು. ನನಗೆ ಅದರ ಅರ್ಥ ಗೊತ್ತಾಗಿದ್ದು ಆ ಜಗುಲಿ ಮೇಲೆ.

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಒಳಗೆ ಸೇರಿಹೋಯ್ತು. ಆದರೂ ನೀವು ಬಾಗಿಲಲ್ಲಿ ನಿಂತು "ರಿಜಿಸ್ಟ್ರು ಬಂದಿದೆ ತಾಯಿ" ಅಂತಲೇ ಕೂಗ್ತಿದ್ದಿರಿ. ಕೂಗಿ ಬಸಣ್ಣ, ಯಾರೂ ಬೇಡ ಅನ್ನಲ್ಲ.

ಅತ್ತಿಗೆಗೂ ಒಂದು ಮಾತು. ಸೋಮವಾರದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ನಿಮ್ಮ ಡಬ್ಬಿಯಿಂದ ನಾವೇ ಖಾಲಿ ಮಾಡ್ತೀವಿ ಅಂತ ಗೊತ್ತಾಗಿ ಅವರು ಎರಡನೇ ಡಬ್ಬಿ ಕಳಿಸೋಕೆ ಶುರು ಮಾಡಿದರು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ನೀವೇ ಬರೆದಿದ್ದು: "ಕೌಂಟರ್ 2". ಆ ಡಬ್ಬಿ ಇಲ್ಲೇ ಇದೆ, ತೊಳೆದಿಟ್ಟಿದ್ದೀವಿ, ವಾಪಸ್ ಕೊಡೋ ಮನಸ್ಸಿಲ್ಲ.

ನಾಳೆಯಿಂದ ನಿಮ್ಮ ಬೀಟಿಗೆ ಆ ಹುಡುಗನೇ ಹೋಗ್ತಾನೆ. ನೀವು ಕೊಟ್ಟ ನೋಟ್‌ಬುಕ್ ಪೂರ್ತಿ ಓದಿದ್ದಾನೆ. ಯಾವ ಮನೆಯಲ್ಲಿ ಕಿಟಕಿ ತಟ್ಟಬೇಕು, ಯಾರಿಗೆ ಪತ್ರ ಓದಿ ಹೇಳಬೇಕು, ಎಲ್ಲಾ ಬಾಯಿಪಾಠ. ಅವನ ಮೊದಲ ದಿನದ ಬ್ಯಾಗಿನಲ್ಲಿ ಐವತ್ತು ಪೈಸೆಯ ಒಂದು ಕಾರ್ಡ್ ಇದೆ. ನಾವೆಲ್ಲ ಸಹಿ ಹಾಕಿ, ಇವತ್ತಿನ ಸೀಲು ಒತ್ತಿ ಹಾಕಿದ್ದು. ಬೀದಿ, ಮನೆ ನಂಬರ್ ಬರೆದಿಲ್ಲ. "ಬಸಣ್ಣ, ಹುಣಸೆಮರ ಇದ್ದ ಜಾಗದಿಂದ ಮುಂದೆ" ಅಂತ ಬರೆದಿದ್ದೀವಿ. ಹನ್ನೊಂದು ಗಂಟೆ ಹೊತ್ತಿಗೆ ಬಾಗಿಲಿಗೆ ಬಂದಿರಿ, ಬಿಸಿಲಲ್ಲಿ ಬಂದಿರ್ತಾನೆ, ಅವನಿಗೊಂದು ಲೋಟ ಕಾಫಿ ಕೊಡಿ.

ನಿಮ್ಮ,
ಕೌಂಟರ್ 1, ಕೌಂಟರ್ 2, ಸಾರ್ಟಿಂಗ್ ಟೇಬಲ್‌ನವರು ಮತ್ತು ಗೇಟಿನ ಹತ್ತಿರ ಈಗಲೂ ಕಾಯುವ ಕೆಂದ
31 ಡಿಸೆಂಬರ್ 2025