2024–25ರ ಮೇಂಟೆನೆನ್ಸ್ ಲೆಕ್ಕ: ಎಲ್ಲ 24 ಮನೆಯವರಿಗೂ

ಎಲ್ಲರಿಗೂ ನಮಸ್ಕಾರ.

ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ ಇದು. ವರ್ಷದ ಶುರುವಿನಲ್ಲಿ ನಮ್ಮ ಕೈಯಲ್ಲಿದ್ದದ್ದು ₹1,86,350. ಈಗ ಇರುವುದು ₹1,66,850. ಅಂದರೆ ಬಂದಿದ್ದಕ್ಕಿಂತ ₹19,500 ಜಾಸ್ತಿ ಖರ್ಚಾಗಿದೆ. ಯಾಕೆ ಅಂತ ನೀವು ಕೇಳಲೇಬೇಕು.

ಮೊದಲು ಬಂದ ಹಣ. ತಿಂಗಳಿಗೆ ₹2,500ರಂತೆ 24 ಮನೆಗಳಿಂದ ₹7,20,000 ಬರಬೇಕಿತ್ತು, ₹7,10,000 ಬಂದಿದೆ. ಎರಡು ಮನೆಗಳಿಂದ ಒಟ್ಟು ನಾಲ್ಕು ತಿಂಗಳದ್ದು ಬಾಕಿ. ಇಬ್ಬರೂ ಜೂನ್ ಒಳಗೆ ಕೊಡುತ್ತೇವೆ ಅಂದಿದ್ದಾರೆ. ಹಳೇ ಬಾಕಿ ₹7,500, ಬ್ಯಾಂಕ್ ಬಡ್ಡಿ ₹9,400, ಟೆರೇಸ್ ಬಾಡಿಗೆ ₹6,000 ಸೇರಿ ಒಟ್ಟು ₹7,32,900.

ಖರ್ಚು ಒಟ್ಟು ₹7,52,400. ಇದರಲ್ಲಿ ಇಬ್ಬರು ಸೆಕ್ಯೂರಿಟಿಯವರ ಸಂಬಳ ₹3,12,000, ಕಸ ಗುಡಿಸಿ ಒರೆಸುವವರಿಗೆ ₹96,000, ಕರೆಂಟ್ ಬಿಲ್ ₹1,02,640, ಲಿಫ್ಟ್ ಎಎಂಸಿ ಜಿಎಸ್‌ಟಿ ಸೇರಿ ₹44,840, ಜನರೇಟರ್ ಡೀಸೆಲ್ ₹21,350, ಎರಡು ಸಲ ಟ್ಯಾಂಕ್ ತೊಳೆಸಿದ್ದು ₹9,600. ಪ್ಲಂಬಿಂಗ್, ಬಲ್ಬು, ಬೀಗ ಇತ್ಯಾದಿ ಚಿಲ್ಲರೆ ರಿಪೇರಿ ₹28,470. ಈ ಚಿಲ್ಲರೆಯಲ್ಲಿ ₹2,180ಕ್ಕೆ ಅಂಗಡಿ ಬಿಲ್ ಇಲ್ಲ. ಕೂಲಿ ಕೊಟ್ಟಾಗ ವೋಚರ್ ಬರೆದು ಸೆಕ್ರೆಟರಿ ಸಹಿ ಹಾಕಿಸಿಟ್ಟಿದ್ದೇನೆ.

ಹೊರೆ ಬಿದ್ದಿದ್ದು ನೀರಿನಿಂದ. ಕಳೆದ ಬೇಸಿಗೆ ಬೆಂಗಳೂರಿನಲ್ಲಿ ಹೇಗಿತ್ತು ಅಂತ ನಿಮಗೆಲ್ಲ ನೆನಪಿದೆ ಅಲ್ವಾ? 12,000 ಲೀಟರಿನ ಟ್ಯಾಂಕರ್ 62 ಲೋಡ್ ತರಿಸಿದೆವು, ಲೋಡಿಗೆ ₹1,200, ಒಟ್ಟು ₹74,400. ಅವರ ಬಿಲ್ಲಿನಲ್ಲಿ 63 ಇತ್ತು. ಸೆಕ್ಯೂರಿಟಿಯವರು ಪ್ರತಿ ಲೋಡಿಗೂ ಗಾಡಿ ನಂಬರ್, ಟೈಮ್ ಬರೆದಿಟ್ಟ ಪುಸ್ತಕ ತೋರಿಸಿದ ಮೇಲೆ ಒಂದು ಲೋಡ್ ಕಡಿಮೆ ಮಾಡಿದರು.

ಬೋರ್‌ವೆಲ್ ಮೋಟಾರ್ ವಿಷಯ ಹಲವರು ಕೇಳಿದ್ದೀರಿ. ಏಪ್ರಿಲ್‌ನಲ್ಲಿ ಸುಟ್ಟಾಗ ಪೈಪ್ ಎತ್ತಿಳಿಸುವ ಕೂಲಿ ಸೇರಿ ₹14,500 ಕೊಟ್ಟು ರೀವೈಂಡಿಂಗ್ ಮಾಡಿಸಿದೆವು. ಏಳೇ ವಾರಕ್ಕೆ ಮತ್ತೆ ಸುಟ್ಟಿತು. ಮೇಲೆತ್ತಿದಾಗ ತಾಮ್ರದ ಸುರುಳಿ ಪೂರ್ತಿ ಕಪ್ಪಾಗಿತ್ತು. ಹಳೇ ಮೋಟಾರನ್ನೇ ರಿಪೇರಿ ಮಾಡಿಸೋಣ ಅಂತ ಅವಸರದಲ್ಲಿ ಒಪ್ಪಿದ್ದು ನಾನು, ಇನ್ನೊಬ್ಬರನ್ನು ವಿಚಾರಿಸಲಿಲ್ಲ. ಅದು ನನ್ನ ತಪ್ಪು. ಎರಡನೇ ಸಲ ಮೂರು ಕೊಟೇಶನ್ ತರಿಸಿದೆವು: ₹57,300, ₹52,000, ₹48,600. ಕೊನೆಯದನ್ನು ತೆಗೆದುಕೊಂಡೆವು. ಎರಡು ವರ್ಷದ ವಾರಂಟಿ ಕಾರ್ಡ್ ಫೈಲಿನಲ್ಲಿದೆ. ಇನ್ನು ಮುಂದೆ ₹10,000 ಮೀರಿದ ಯಾವ ಕೆಲಸಕ್ಕೂ ಕನಿಷ್ಠ ಎರಡು ಕೊಟೇಶನ್ ಇಲ್ಲದೆ ನಾನು ಚೆಕ್ ಬರೆಯುವುದಿಲ್ಲ.

ಉಳಿದ ಹಣದಲ್ಲಿ ಎಫ್‌ಡಿ ₹1,00,000, ಎಸ್‌ಬಿ ಖಾತೆಯಲ್ಲಿ ₹63,200, ನಗದು ₹3,650. ಗಣೇಶನ ಹಬ್ಬದ ಚಂದಾ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಹಬ್ಬದ ಸಮಿತಿಯವರು ಬೇರೆ ಕೊಟ್ಟಿದ್ದಾರೆ.

ಹೊರಗಿನ ಸಿಎ ಒಬ್ಬರು ಲೆಕ್ಕ ನೋಡಿ ಸಹಿ ಹಾಕಿದ್ದಾರೆ. ಬಿಲ್ಲುಗಳ ಫೈಲ್ ಮತ್ತು ಪಾಸ್‌ಬುಕ್ ಹಿಡಿದುಕೊಂಡು ಮೇ 25 ಮತ್ತು ಜೂನ್ 1, ಎರಡೂ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ಕೆಳಗೆ ಸೆಕ್ಯೂರಿಟಿ ರೂಮಿನ ಪಕ್ಕ ಕೂತಿರುತ್ತೇನೆ. ಸಣ್ಣ ಅನುಮಾನ ಇದ್ದರೂ ಬಂದು ನೋಡಿ, ಸಂಕೋಚ ಬೇಡ. ಬಾಡಿಗೆಗೆ ಇರುವವರೂ ಬರಬಹುದು, ದುಡ್ಡು ನಿಮ್ಮದೂ ಹೌದು. ಜೂನ್ 8ರ ಸಭೆಯಲ್ಲಿ ಈ ಲೆಕ್ಕಕ್ಕೆ ಎಲ್ಲರ ಒಪ್ಪಿಗೆ ಕೇಳುತ್ತೇನೆ.

ಖಜಾಂಚಿ
ಮನೆ ನಂ. 203
ಮೇ 18, 2025