ಲೇತ್ ಟರ್ನರ್ ಬೇಕಾಗಿದ್ದಾರೆ: ಒಂದು ಹುದ್ದೆ, ಪೀಣ್ಯ 2ನೇ ಹಂತ, ಬೆಂಗಳೂರು

ನಮ್ಮದು ಆರು ಜನರ ಮಷಿನ್ ಶಾಪ್. ಎರಡು ಲೇತ್, ಒಂದು ಮಿಲ್ಲಿಂಗ್, ಒಂದು ರೇಡಿಯಲ್ ಡ್ರಿಲ್ಲಿಂಗ್ ಇವೆ. ಸಿಎನ್‌ಸಿ ಇಲ್ಲ, ಸದ್ಯಕ್ಕೆ ತರುವ ಯೋಚನೆಯೂ ಇಲ್ಲ. ದೊಡ್ಡ ಲೇತ್ ನೋಡಿಕೊಳ್ಳುತ್ತಿದ್ದ ಹಿರಿಯರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಜನ ಬೇಕು.

ಹೆಚ್ಚಿನ ಕೆಲಸ ಪಂಪ್ ಶಾಫ್ಟಿನದು: ಇಎನ್8 ರಾಡ್, 25ರಿಂದ 60 ಮಿ.ಮೀ. ವ್ಯಾಸ, ಉದ್ದ 600 ಮಿ.ಮೀ.ವರೆಗೆ. ಬೇರಿಂಗ್ ಕೂರುವ ಕಡೆ ಗ್ರೈಂಡಿಂಗಿಗೆಂದು ವ್ಯಾಸದಲ್ಲಿ 0.3 ಮಿ.ಮೀ. ಬಿಡಬೇಕು. ಕಡಿಮೆ ಬಿಟ್ಟರೆ ಟೂಲ್ ಗೆರೆ ಹಾಗೇ ಉಳಿಯುತ್ತದೆ, ಹೆಚ್ಚು ಬಿಟ್ಟರೆ ಗ್ರೈಂಡಿಂಗಿನವರು ಹೆಚ್ಚು ಹಣ ಕೇಳುತ್ತಾರೆ. ಉದ್ದದ ಶಾಫ್ಟಿನಲ್ಲಿ ಟೇಪರ್ ಬಂದರೆ ಟೇಲ್‌ಸ್ಟಾಕ್ ಸರಿಮಾಡಿಕೊಳ್ಳಲು ನಿಮಗೆ ಬರಬೇಕು. ಉಳಿದದ್ದು ಗನ್‌ಮೆಟಲ್ ಬುಷ್ ಬೋರಿಂಗ್ (40 ಮಿ.ಮೀ. ಬೋರ್ ಆದರೆ 40.000ರಿಂದ 40.025ರೊಳಗೆ) ಮತ್ತು ಆಗಾಗ ಬರುವ ರಿಪೇರಿ ಜಾಬ್. ರಿಪೇರಿಗೆ ಡ್ರಾಯಿಂಗ್ ಇರುವುದಿಲ್ಲ, ಸವೆದ ಪಾರ್ಟ್ ನೋಡಿ ಅಳತೆ ತೆಗೆಯಬೇಕು.

ಐಟಿಐ ಟರ್ನರ್ ಆಗಿದ್ದರೆ ಒಳ್ಳೆಯದು. ಆಗಿರದಿದ್ದರೂ ಮಾಮೂಲಿ ಲೇತ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದ್ದರೆ ಸಾಕು. ನಾಲ್ಕು ಜಾ ಚಕ್‌ನಲ್ಲಿ ಡಯಲ್ ಇಟ್ಟು ಸೆಂಟರ್ ಮಾಡುವುದು, ಎಚ್‌ಎಸ್‌ಎಸ್ ಟೂಲ್ ಸಾಣೆ ಹಿಡಿಯುವುದು, ಮೈಕ್ರೋಮೀಟರ್ ಓದುವುದು ಗೊತ್ತಿರಲೇಬೇಕು. ಸಿಎನ್‌ಸಿ ಮಾತ್ರ ನಡೆಸಿರುವವರಿಗೆ ಈ ಕೆಲಸ ಹೊಂದುವುದಿಲ್ಲ. ಮಹಿಳೆಯರೂ ಬರಬಹುದು, ಪ್ರತ್ಯೇಕ ಶೌಚಾಲಯವಿದೆ.

ಸಂಬಳ ತಿಂಗಳಿಗೆ 24,000 ರೂ., ಮೂರು ತಿಂಗಳ ನಂತರ 27,000. ಪ್ರತಿ ತಿಂಗಳ 7ಕ್ಕೆ ಬ್ಯಾಂಕಿಗೆ ಹಾಕುತ್ತೇವೆ. ಬೆಳಿಗ್ಗೆ 9ರಿಂದ ಸಂಜೆ 5.30, ಭಾನುವಾರ ರಜೆ. ತಿಂಗಳ ಕೊನೆಯ ವಾರ ದಿನಕ್ಕೆ ಎರಡು ಗಂಟೆ ಓಟಿ ಬಹುತೇಕ ಇರುತ್ತದೆ, ಅದಕ್ಕೆ ಡಬಲ್ ರೇಟ್. ಪಿಎಫ್, ಇಎಸ್‌ಐ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಅಪಘಾತ ವಿಮೆಯ ಕಂತು ನಾವು ಕಟ್ಟುತ್ತೇವೆ. ಸೇಫ್ಟಿ ಶೂ, ಕನ್ನಡಕ ನಮ್ಮದು. ಲೇತ್ ತಿರುಗುವಾಗ ಗ್ಲೌಸ್, ಉದ್ದ ತೋಳಿನ ಅಂಗಿ ಹಾಕುವಂತಿಲ್ಲ. ಅವು ಚಕ್‌ಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಇಂಟರ್‌ವ್ಯೂ ಎಂದರೆ ಎರಡು ಗಂಟೆಯ ಟ್ರಯಲ್. 32 ಮಿ.ಮೀ. ಇಎನ್8 ರಾಡ್ ಕೊಡುತ್ತೇವೆ: 40 ಮಿ.ಮೀ. ಉದ್ದಕ್ಕೆ 25 ಮಿ.ಮೀ. ಸ್ಟೆಪ್ (±0.02), ತುದಿಗೆ ಎಂ20×1.5 ಥ್ರೆಡ್, ನಡುವೆ ಅಂಡರ್‌ಕಟ್. ಎಷ್ಟು ಬೇಗ ಮುಗಿಸಿದಿರಿ ಎಂಬುದು ನಮಗೆ ಮುಖ್ಯವಲ್ಲ. ಜಾಬ್ ಬಿಸಿ ಇರುವಾಗಲೇ ಕೊನೆಯ ಅಳತೆ ನೋಡುತ್ತೀರೋ, ಆರಲು ಬಿಡುತ್ತೀರೋ ಎಂದು ಗಮನಿಸುತ್ತೇವೆ. 30 ಮಿ.ಮೀ. ಶಾಫ್ಟ್ ಮೊದಲಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.014 ಮಿ.ಮೀ. ಹಿಗ್ಗಿರುತ್ತದೆ, ಆರಿದ ಮೇಲೆ ಅಂಡರ್‌ಸೈಜ್. ಆಯ್ಕೆಯಾಗದಿದ್ದರೂ ಟ್ರಯಲ್‌ಗೆ 500 ರೂ. ಅಂದೇ ಕೊಡುತ್ತೇವೆ.

ರೆಸ್ಯೂಮೆ ಬೇಡ. ಹೆಸರು, ಊರು, ಎಷ್ಟು ವರ್ಷ, ಯಾವ ಸೈಜಿನ ಲೇತ್, ಯಾವ ಜಾಬ್ ಮಾಡಿದ್ದೀರಿ ಎಂದು ಈ ಸಂದೇಶ ಬಂದ ನಂಬರಿಗೇ ಈ ತಿಂಗಳ 25ರೊಳಗೆ ವಾಟ್ಸಾಪ್ ಮಾಡಿ. ವಾಯ್ಸ್ ಮೆಸೇಜ್ ಆದರೂ ಸರಿ. ಎರಡು ದಿನದಲ್ಲಿ ಟ್ರಯಲ್ ಸಮಯ ತಿಳಿಸುತ್ತೇವೆ. ಅಳತೆಯ ಸಾಮಾನು ಇಲ್ಲೇ ಇದೆ. ಕೈಗೆ ಒಗ್ಗಿದ ನಿಮ್ಮದೇ ಟೂಲ್ ಇದ್ದರೆ ತನ್ನಿ.